ಡಿವಿಡೆಂಡ್ ನೋಟಿಸ್ ನೋಡಿ ಷೇರು ಕೊಂಡೆ, ಕೈ ಸುಟ್ಟುಕೊಂಡೆ

ಒಂದು ಕಂಪನಿಯ ಡಿವಿಡೆಂಡ್ ನೋಟಿಸ್ ಕಣ್ಣಿಗೆ ಬಿತ್ತು. ಶೇ. 200 ಡಿವಿಡೆಂಡ್, ಷೇರುದಾರರ ಪಟ್ಟಿ ನೋಡಿ ಅದು ಯಾರಿಗೆ ಎಂದು ತೀರ್ಮಾನಿಸುವ ರೆಕಾರ್ಡ್ ಡೇಟ್ ಶುಕ್ರವಾರ. 200 ಅನ್ನೋ ಅಂಕಿ ನೋಡಿಯೇ ನನಗೆ ಅರ್ಧ ತಲೆ ತಿರುಗಿತ್ತು. ಆದರೆ ಆ ಲೆಕ್ಕ ಷೇರಿನ ಮುಖಬೆಲೆಯ ಮೇಲೆ. ಮುಖಬೆಲೆ 10 ರೂಪಾಯಿ, ಅಂದರೆ ಷೇರಿಗೆ ಸಿಗುವುದು 20 ರೂಪಾಯಿ. ಮಾರುಕಟ್ಟೆಯಲ್ಲಿ ಷೇರಿನ ಬೆಲೆ 400 ಇತ್ತು. ಸರಿಯಾಗಿ ನೋಡಿದರೆ ಬರೀ ಶೇ. 5.

ಅದೂ ಪರವಾಗಿಲ್ಲ, ಒಂದೇ ದಿನಕ್ಕೆ ಶೇ. 5 ಅಂದ್ರೆ ಸುಮ್ನೇನಾ ಅಂದುಕೊಂಡು ಗುರುವಾರ 600 ಷೇರು ಕೊಂಡೆ. ಕೊಂಡ ಮರುದಿನ ಷೇರು ಖಾತೆಗೆ ಬರುತ್ತದೆ. ಹಾಗಾಗಿ ಶುಕ್ರವಾರದ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಶುಕ್ರವಾರವೇ ಮಾರಿದರೂ ಡಿವಿಡೆಂಡ್ ನನ್ನದೇ. ಮಾರಿದ ಷೇರು ಖಾತೆಯಿಂದ ಹೋಗುವುದು ಮುಂದಿನ ಕೆಲಸದ ದಿನ ತಾನೆ.

ನಾನು ಮರೆತಿದ್ದು ಬೆಲೆಯನ್ನು. ಶುಕ್ರವಾರ ಬೆಳಿಗ್ಗೆ ಷೇರು 381ಕ್ಕೆ ತೆರೆಯಿತು. ಕೆಟ್ಟ ಸುದ್ದಿ ಏನೂ ಇರಲಿಲ್ಲ. ಅವತ್ತಿನಿಂದ ಕೊಳ್ಳುವವರಿಗೆ ಆ 20 ರೂಪಾಯಿ ಸಿಗುವುದಿಲ್ಲ, ಹಾಗಾಗಿ ಹೆಚ್ಚುಕಡಿಮೆ ಅಷ್ಟನ್ನು ಕಳೆದೇ ಬೆಲೆ ಕೇಳುತ್ತಾರೆ. ಗಾಬರಿಯಲ್ಲಿ 380ಕ್ಕೆ ಮಾರಿದೆ. 12,000 ರೂಪಾಯಿ ಕೈಬಿಟ್ಟಿತು.

ಡಿವಿಡೆಂಡ್ ಅದನ್ನು ತುಂಬಿಕೊಡುತ್ತದೆ ಎಂದು ಕಾದೆ. ಬಹಳ ದಿನ ಕಾದ ಮೇಲೆ ಬ್ಯಾಂಕಿಗೆ ಬಂದಿದ್ದು 10,800. ಉಳಿದ 1,200 ತೆರಿಗೆ ಕಡಿತ. ನೋಟಿಸಿನ ಕೆಳಗಿನ ಪ್ಯಾರಾದಲ್ಲಿ ಶೇ. 10 ಹಿಡಿಯುತ್ತೇವೆ ಎಂದು ಬರೆದೇ ಇದ್ದರು. ನಾನು ಅಲ್ಲಿಯವರೆಗೆ ಓದಿರಲಿಲ್ಲ. ಬ್ರೋಕರ್ ಕಮಿಷನ್ ಬೇರೆ.

ತಮಾಷೆ ಅಂದ್ರೆ, ನನ್ನ ಗೆಳೆಯ ಅದೇ ಷೇರನ್ನು ಶುಕ್ರವಾರ ಕೊಂಡು "ಒಂದು ದಿನದಲ್ಲಿ ಡಿವಿಡೆಂಡ್ ತಪ್ಪಿಹೋಯ್ತು ಮಾರಾಯ" ಎಂದು ಗೋಳಾಡುತ್ತಿದ್ದ. ಅವನಿಗೆ ಏನೂ ತಪ್ಪಿರಲಿಲ್ಲ. ಷೇರು 20 ರೂಪಾಯಿ ಕಡಿಮೆಗೆ ಸಿಕ್ಕಿತ್ತು, ಅದರ ಮೇಲೆ ತೆರಿಗೆಯೂ ಇಲ್ಲ. ನಮ್ಮಿಬ್ಬರಲ್ಲಿ ಜಾಸ್ತಿ ಕಳೆದುಕೊಂಡವನು ಡಿವಿಡೆಂಡ್ ಪಡೆದ ನಾನೇ!

ಇನ್ನೊಂದು ಪೆಟ್ಟು ರಿಟರ್ನ್ ಹಾಕುವಾಗ ಬಿತ್ತು. ಬ್ಯಾಂಕಿಗೆ ಬಂದ 10,800 ಅನ್ನೇ ಆದಾಯ ಎಂದು ಬರೆದಿದ್ದೆ. ಲೆಕ್ಕ ನೋಡುವವರು ತಿದ್ದಿದರು. ಆದಾಯ ಪೂರ್ತಿ 12,000, ಹಿಡಿದ 1,200 ಅನ್ನು ಆಗಲೇ ಕಟ್ಟಿದ ತೆರಿಗೆ ಎಂದು ತೋರಿಸಬೇಕು. ನನ್ನ ತೆರಿಗೆ ದರ ಶೇ. 10ಕ್ಕಿಂತ ಜಾಸ್ತಿ ಇದ್ದಿದ್ದರಿಂದ ಮತ್ತಷ್ಟು ಕಟ್ಟಬೇಕಾಯಿತು. "ಷೇರು ಮಾರಿ 12,000 ಕಳೆದುಕೊಂಡಿದ್ದೀನಲ್ಲ ಸಾರ್, ಅದನ್ನು ಇದರಲ್ಲಿ ಕಳೆಯಿರಿ" ಅಂದೆ. "ಅದು ಬಂಡವಾಳದ ನಷ್ಟ. ಡಿವಿಡೆಂಡ್ ಆದಾಯದಲ್ಲಿ ಕಳೆಯೋಕೆ ಬರಲ್ಲ" ಅಂದರು.