ಅವತಾರ್ ಆ್ಯಪ್ ತೆಗೆದುಹಾಕುವ ಮುನ್ನ ಇಷ್ಟು ಮಾಡಿ

ಸೆಲ್ಫಿ ಕೊಟ್ಟು ಎಐನಿಂದ ತಮ್ಮ ಅವತಾರ್ ಚಿತ್ರ ಮಾಡಿಸಿಕೊಳ್ಳುವವರು ಎಡವುವುದು ಹೆಚ್ಚಾಗಿ ಕೊನೆಯಲ್ಲಿ. ಡಿಪಿಗೆ ಚಿತ್ರ ಸಿಕ್ಕ ಕೂಡಲೇ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಾಗುತ್ತಾರೆ. ಹೋಗುವುದು ಫೋನಿನಲ್ಲಿದ್ದ ಆ್ಯಪ್ ಅಷ್ಟೇ, ಕಂಪನಿಯ ಸರ್ವರ್‌ನಲ್ಲಿರುವ ಮುಖ ಅಲ್ಲ.

ಅಮೆರಿಕದ 'ಎವರ್' ಎಂಬ ಆ್ಯಪ್ ನಂಬಿದವರಿಗೆ ಆದದ್ದು ನೋಡಿ. ಅದು ಅವತಾರ್ ಆ್ಯಪ್ ಕೂಡ ಅಲ್ಲ, ಫೋಟೊ ಕೂಡಿಡುವ ಆ್ಯಪ್. ಖಾತೆ ಮುಚ್ಚಿದರೆ ಫೋಟೊ ಅಳಿಸುತ್ತೇವೆ ಎಂದು ಹೇಳಿದ್ದ ಕಂಪನಿ, ಕನಿಷ್ಠ 2019ರ ಅಕ್ಟೋಬರ್‌ವರೆಗೆ ಅಳಿಸಿರಲೇ ಇಲ್ಲ. ಬಳಕೆದಾರರ ಫೋಟೊಗಳನ್ನು ಮುಖ ಗುರುತಿಸುವ ತಂತ್ರಾಂಶ ತಯಾರಿಸಲೂ ಬಳಸಿಕೊಂಡಿತ್ತು. 2021ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಫೋಟೊಗಳ ಜೊತೆಗೆ ಅವುಗಳಿಂದ ಕಲಿತ ಎಐ ಮಾಡೆಲ್‌ಗಳನ್ನೂ ಅಳಿಸುವಂತೆ ಮಾಡಿತು. ದಂಡ ಮಾತ್ರ ಬೀಳಲಿಲ್ಲ.

ಆ ಆದೇಶದಲ್ಲಿ ಮಾಡೆಲ್‌ನ ಮಾತು ಬಂದದ್ದು ಸುಮ್ಮನೆ ಅಲ್ಲ. 2022ರ ಕೊನೆಯಲ್ಲಿ ಲೆನ್ಸಾ ಎಂಬ ಆ್ಯಪ್ ಜನಪ್ರಿಯಗೊಳಿಸಿದ ರೀತಿಯ ಅವತಾರ್‌ಗಳಿಗೆ 10ರಿಂದ 20 ಸೆಲ್ಫಿ ಕೇಳುತ್ತಾರೆ. ಅವುಗಳಿಂದ ನಿಮ್ಮ ಮುಖವನ್ನು ಕಲಿತ ಒಂದು ಪುಟ್ಟ ಮಾಡೆಲ್ ತಯಾರಾಗುತ್ತದೆ. ಚಿತ್ರ ಬರೆಯುವುದು ಅದೇ. ಮೂಲ ಸೆಲ್ಫಿ ಅಳಿಸಿಹೋದರೂ ಆ ಮಾಡೆಲ್ ಉಳಿದಿದ್ದರೆ ನಿಮ್ಮ ಮುಖದ ಹೊಸ ಚಿತ್ರ ಮಾಡುತ್ತಲೇ ಇರಬಹುದು. ಹಾಗಾಗಿ ಪ್ರೈವೆಸಿ ಪಾಲಿಸಿ ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ `face`, `train`, `retain` ಎಂದು ಹುಡುಕಿ. 'ಫೋಟೊ ಅಳಿಸುತ್ತೇವೆ' ಎಂದಷ್ಟೇ ಇದ್ದು ಮಾಡೆಲ್ ಬಗ್ಗೆ ಸೊಲ್ಲೇ ಇಲ್ಲದಿದ್ದರೆ ಆ ಆ್ಯಪ್ ಬೇಡ.

ಲಾಗಿನ್ ಕೇಳದ ಆ್ಯಪ್ ಹೆಚ್ಚು ಸುರಕ್ಷಿತ ಅನ್ನಿಸುತ್ತದೆ, ಆದರೆ ತೊಡಕು ಅಲ್ಲೇ ಇದೆ. ಅಂಥ ಕೆಲವು ಆ್ಯಪ್‌ಗಳು ನಿಮ್ಮನ್ನು ಗುರುತಿಸುವುದು ಇನ್‌ಸ್ಟಾಲ್ ಮಾಡುವಾಗ ಹುಟ್ಟಿದ ಒಂದು ಉದ್ದನೆಯ ಐಡಿಯಿಂದ. ಸೆಟ್ಟಿಂಗ್ಸ್‌ನ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ್ಯಪ್ ತೆಗೆದರೆ ಅದೂ ಕಳೆದುಹೋಗಬಹುದು. ಆಮೇಲೆ 'ನನ್ನ ಫೋಟೊ ಅಳಿಸಿ' ಎಂದು ಮೇಲ್ ಹಾಕಿದರೆ, ಯಾವುದು ನಿಮ್ಮದು ಎಂದು ಅವರೇ ಕೇಳುತ್ತಾರೆ. ಆದ್ದರಿಂದ ಮೊದಲು ಐಡಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಅದನ್ನು ಹಾಕಿ ಫೋಟೊ, ಮಾಡೆಲ್, ಅವತಾರ್ ಮೂರನ್ನೂ ಹೆಸರಿಸಿ ಅಳಿಸಲು ಬರೆಯಿರಿ. ಉತ್ತರ ಬಂದ ಮೇಲೆ, ಖಾತೆ ಇದ್ದರೆ ಅದನ್ನು ಮುಚ್ಚಿ. ಚಂದಾ ಕಟ್ಟಿದ್ದರೆ ಪ್ಲೇ ಸ್ಟೋರ್ ಅಥವಾ ಆ್ಯಪಲ್ ಖಾತೆಯಲ್ಲಿ ಬೇರೆಯಾಗಿ ರದ್ದು ಮಾಡಬೇಕು. ಅನ್‌ಇನ್‌ಸ್ಟಾಲ್ ಮಾಡಿದರೂ ದುಡ್ಡು ಕಡಿತ ನಿಲ್ಲುವುದಿಲ್ಲ. ಆ್ಯಪ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಇನ್ನೂ ಅಪ್‌ಲೋಡ್ ಮಾಡದವರು ಇಡೀ ಗ್ಯಾಲರಿಗೆ ಅನುಮತಿ ಕೊಡಬೇಡಿ, ಆರಿಸಿದ ಫೋಟೊಗಳಿಗೆ ಮಾತ್ರ ಕೊಡಿ. ಲೊಕೇಶನ್ ಆನ್ ಇದ್ದರೆ ಕ್ಯಾಮೆರಾ ಫೈಲಿನೊಳಗೆ ಫೋಟೊ ತೆಗೆದ ಜಾಗದ ಜಿಪಿಎಸ್ ಗುರುತು ಕೂತಿರುತ್ತದೆ. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಂಡು, ಆ ಪ್ರತಿಯನ್ನು ಬಳಸಿದರೆ ಈ ಗುರುತು ಹೋಗುತ್ತದೆ (ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೋಗದು). ರೆಸೊಲ್ಯೂಶನ್ ಕಡಿಮೆಯಾಯಿತೆಂಬ ಚಿಂತೆ ಬೇಡ, ಅವತಾರ್‌ಗೆ ಅಷ್ಟು ಸಾಕು. ಹಾಗೆಂದು ಇದರಿಂದ ಮುಖದ ಗುರುತೇನೂ ಮರೆಯಾಗದು. ಗುಂಪಿನ ಫೋಟೊ ಆದರೆ ಪಕ್ಕದವರನ್ನು, ಮುಖ್ಯವಾಗಿ ಮಕ್ಕಳನ್ನು, ಕ್ರಾಪ್ ಮಾಡಿ ತೆಗೆದು ಬೇರೆ ಪ್ರತಿಯಾಗಿ ಸೇವ್ ಮಾಡಿಕೊಳ್ಳಿ. ಅವರ ಒಪ್ಪಿಗೆ ಯಾರೂ ಕೇಳಿಲ್ಲವಲ್ಲ.