ಅಕ್ಕನ ದವಾಖಾನಿಗೆ ಬುಕಿಂಗ್ ಪೇಜ್: ತಿಂಗಳ ಬಾಡಿಗಿ ಆಪ್ ಬಿಟ್ಟು ಗೂಗಲ್ ಕ್ಯಾಲೆಂಡರ್ ಹಿಡಿದದ್ದು

ಮೊದಲೇ ಹೇಳಿಬಿಡ್ತೀನ್ರಿ, ನಂಗ ಹಿಡಿಸಿದ್ದು ಗೂಗಲ್ ಕ್ಯಾಲೆಂಡರ್‌ದಾಗಿನ ಫ್ರೀ ಬುಕಿಂಗ್ ಪೇಜ್. ಕಲಬುರಗಿಯಾಗ ನಮ್ಮ ಅಕ್ಕನ ಹಲ್ಲಿನ ದವಾಖಾನಿ ಅದ, ಒಂದೇ ಕುರ್ಚಿ, ಒಬ್ಬಾಕಿ ರಿಸೆಪ್ಶನ್ ಹುಡುಗಿ. ಆಳಂದ, ಅಫಜಲಪುರ, ಜೇವರ್ಗಿ ಕಡಿಂದ ಬಸ್ಸಿಗಿ ಬರೋರೇ ಭಾಳ, ಅದಕ್ಕ ಟೈಮ್ ಹಿಡಿದು ಕೊಡೋದು ಬೇಕಾಗಿತ್ತು. ಬರೀ ವಾಟ್ಸಾಪ್ ಮ್ಯಾಲೆ ನಡಸಿದ್ರ "ನಾಳಿ ಖಾಲಿ ಅದ ಏನ್ರಿ ಮೇಡಂ" ಅಂತ ರಾತ್ರಿ ಹನ್ನೊಂದಕ್ಕೂ ಮೆಸೇಜ್, ಅದನ್ನ ಬಿಟ್ಟೇಬಿಟ್ವಿ.

ಹೊರದೇಶದ ಒಂದು ಆಪ್ ತಗೊಂಡಿದ್ವಿ, ಹೆಸರು ಬ್ಯಾಡ. ನೋಡೋಕ ಚಂದ, ಕ್ಯಾನ್ಸಲ್ ರೂಲ್ ಖರೇನ ಕೆಲಸ ಮಾಡ್ತದ: ಅಪಾಯಿಂಟ್‌ಮೆಂಟಿಗಿ 24 ತಾಸಿಗಿಂತ ಕಮ್ಮಿ ಉಳಿದ್ರ ಕ್ಯಾನ್ಸಲ್ ಬಟನ್ನೇ ಕಾಣಂಗಿಲ್ಲ. ಇದೊಂದು ಗೂಗಲ್‌ದಾಗ ನಂಗ ಸಿಗಲಿಲ್ಲ.

ಆದ್ರ ಎಸ್ಸೆಮ್ಮೆಸ್ ರಿಮೈಂಡರ್. ಡ್ಯಾಶ್‌ಬೋರ್ಡ್‌ನಾಗ ಎಲ್ಲಾ ಮೆಸೇಜಿಗೂ `Sent` ಅಂತ ತೋರಸ್ತಿತ್ತು, ಪೇಷಂಟ್ ಕೇಳಿದ್ರ "ಏನೂ ಬಂದಿಲ್ರಿ". ಅಕ್ಕನ ಫೋನು, ನನ್ನ ಫೋನು, ಹುಡುಗಿ ಫೋನು ಮೂರಕ್ಕೂ ಸುಳ್ಳ ಬುಕಿಂಗ್ ಮಾಡಿ ನೋಡ್ದೆ, ಮೂರೂ ಬ್ಯಾರೆ ಬ್ಯಾರೆ ಕಂಪನಿ ಸಿಮ್ಮು, ಒಂದಕ್ಕೂ ಬರಲಿಲ್ಲ. `Sent` ಅಂದ್ರ ಅವರ ಕಡಿಂದ ಹೊಂಟದ ಅಂತ ಅಷ್ಟೇ, ಮುಟ್ಟಿದ್ದಕ್ಕ `Delivered` ಅಂತ ಬರಬೇಕು. ಕಾರಣ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ದು 2018ರ ನಿಯಮ. ನಮ್ಮ ದೇಶದಾಗ ಯಾವುದೇ ಧಂದೆದೋರು ಮಂದಿಗಿ ಎಸ್ಸೆಮ್ಮೆಸ್ ಕಳಸಬೇಕಂದ್ರ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನೋ ನೋಂದಣಿ ಪೋರ್ಟಲ್‌ನಾಗ ದವಾಖಾನಿ ಹೆಸರು ರಿಜಿಸ್ಟರ್ ಆಗಬೇಕು, ಕಳಸೋರ ಹೆಸರಾಗಿ ಒಂದು ಹೆಡರ್ ತಗೋಬೇಕು, ಮೆಸೇಜಿನ ಟೆಂಪ್ಲೇಟ್ ಮೊದಲೇ ಪಾಸ್ ಮಾಡಿಸಬೇಕು, ಹೆಸರು ಟೈಮ್ ಬದಲಾಗೋ ಜಾಗ ಯಾವುದು ಅಂತ ಅದರಾಗೇ ಗುರುತು ಹಾಕಬೇಕು. ಇಲ್ಲಂದ್ರ ಟೆಲಿಕಾಂ ಕಂಪನಿ ನಡುವಲೇ ತಡೀತದ. 2024 ಅಕ್ಟೋಬರ್‌ದಿಂದ ಮೆಸೇಜಿನಾಗಿನ ಲಿಂಕೂ ಮೊದಲೇ ನೋಂದಾಯಿಸಿರಬೇಕು, ಅಂದ್ರ ಕ್ಯಾನ್ಸಲ್ ಲಿಂಕಿಗೂ ಅದೇ ಗತಿ.

ಇಷ್ಟೆಲ್ಲಾ ಮಾಡಿದ್ರೂ ಕನ್ನಡದಾಗ ಬರದ್ರ ಒಂದು ಎಸ್ಸೆಮ್ಮೆಸ್ಸಿಗಿ 70 ಅಕ್ಷರ ಅಷ್ಟೇ, ಇಂಗ್ಲಿಷಿಗಿ 160. ಒತ್ತು, ದೀರ್ಘ ಎಲ್ಲಾ ಬ್ಯಾರೆ ಬ್ಯಾರೆ ಲೆಕ್ಕ, "ಕ್ಯಾನ್ಸಲ್" ಒಂದಕ್ಕೇ 9 ಹೋಗ್ತಾವ. ಎರಡು ಸಾಲು ಬರದ್ರ ಎರಡು ಮೂರು ಎಸ್ಸೆಮ್ಮೆಸ್ ರೊಕ್ಕ. ಒಂದು ಕುರ್ಚಿ ದವಾಖಾನಿಗಿ ಇದೆಲ್ಲಾ ಯಾಕ್ ಬೇಕ್ರಿ?

ಈಗ ಗೂಗಲ್‌ದು. ಬೆಳಿಗ್ಗಿ 10ರಿಂದ 1:30, ಸಂಜಿ 5ರಿಂದ 8:30 (ಬ್ಯಾಸಿಗಿ ಮಧ್ಯಾಹ್ನ ನಮ್ಮೂರಾಗ ಯಾರ್ ಬರ್ತಾರ), ಸ್ಲಾಟ್ 30 ನಿಮಿಷ, ನಡುವ 10 ನಿಮಿಷ ಖಾಲಿ, ಕಮ್ಮಿ ಅಂದ್ರ 4 ತಾಸು ಮೊದಲು ಬುಕ್ ಮಾಡಬೇಕು, 14 ದಿನಕ್ಕಿಂತ ಮುಂದ ಬ್ಯಾಡ. ಫಾರ್ಮಿನಾಗ ಫೋನ್ ನಂಬರ್ ಸೇರಿಸಿದ್ವಿ. ಫ್ರೀ ಅಕೌಂಟಿನಾಗ ಒಂದೇ ಪೇಜು, ಹಂಗಾಗಿ ಕ್ಲೀನಿಂಗಿಗೂ ರೂಟ್ ಕೆನಾಲಿಗೂ ಒಂದೇ ಸ್ಲಾಟು. ರೂಟ್ ಕೆನಾಲ್ ಇದ್ರ ಹುಡುಗಿ ಮುಂದಿನ ಸ್ಲಾಟನ್ನೂ ಕ್ಯಾಲೆಂಡರ್‌ದಾಗ ತುಂಬಿಬಿಡ್ತಾಳ. ಫೋನ್ ಮಾಡಿ ಟೈಮ್ ಕೇಳೋರದ್ದೂ ಅಲ್ಲೇ ತುಂಬ್ತಾಳ, ಪೇಜಿನಾಗ ಆ ಟೈಮ್ ತಾನೇ ಮಾಯ ಆಗ್ತದ.

ಇಲ್ಲೊಂದು ಹುಷಾರಿರ್ರಿ. ಶರಣಬಸವೇಶ್ವರ ಜಾತ್ರಿ ದಿನ ರಜಾ ಅಂತ ಇಡೀ ದಿನದ ಈವೆಂಟ್ ಹಾಕಿದ್ರ ಅದು ತಾನಾಗೇ `Free` ಅಂತ ಕೂಡ್ತದ, ಸ್ಲಾಟ್ ಎಲ್ಲಾ ತೆರೆದೇ ಇರ್ತಾವ. ಅದನ್ನ `Busy` ಮಾಡಬೇಕು, ಆಮ್ಯಾಲ ಬ್ಯಾರೆ ಫೋನಿನಾಗ ಪೇಜ್ ತೆಗೆದು ಆ ತಾರೀಖಿಗಿ ಸ್ಲಾಟ್ ಎಲ್ಲಾ ಮಾಯ ಆಗ್ಯಾವೋ ಇಲ್ಲೋ ನೋಡ್ರಿ.

ಕುಂದು ಅದಾವ. ಇಮೇಲ್ ಕೊಡಲಿಲ್ಲಂದ್ರ ಬುಕ್ ಆಗಂಗಿಲ್ಲ, ವಯಸ್ಸಾದೋರು ಮಗಂದೋ ಅಳಿಯಂದೋ ಹಾಕ್ತಾರ. ಇಮೇಲ್ ರಿಮೈಂಡರ್ ರೊಕ್ಕ ಕೊಟ್ಟೋರಿಗೇ. ಆದ್ರ ನಮ್ ಕಡಿ ಇಮೇಲ್ ಯಾರ್ ನೋಡ್ತಾರ? ಅದಕ್ಕ ವಾಟ್ಸಾಪ್ ಬಿಸಿನೆಸ್‌ನಾಗ ಒಂದು ಕ್ವಿಕ್ ರಿಪ್ಲೈ ಮಾಡಿಟ್ಟೀವಿ, ಹುಡುಗಿ ಸಂಜಿ ನಾಲ್ಕಕ್ಕ `/nale` ಅಂತ ಹೊಡೆದು ಟೈಮ್ ಬದಲಿಸಿ ಕಳಸ್ತಾಳ:

```
ನಮಸ್ಕಾರ್ರಿ, ನಾಳೆ 11:20ಕ್ಕೆ ನಿಮ್ದು ಅಪಾಯಿಂಟ್‌ಮೆಂಟ್ ಅದ.
ಬರ್ತೀರಂದ್ರ 1, ಆಗಂಗಿಲ್ಲಂದ್ರ 2 ಅಂತ ಕಳಸ್ರಿ, ಸಂಜಿ 6ರೊಳಗ.
```

ಮೊನ್ನೆ ಆಳಂದದವರೊಬ್ರು 2 ಅಂತ ಕಳಿಸಿದ್ರು, ಹುಡುಗಿ ಈವೆಂಟ್ ತೆಗೆದ್ಲು, ಒಂಬತ್ತರೊಳಗ ಆ ಟೈಮ್ ಬ್ಯಾರೆಯವರು ಪೇಜಿನಾಗ ತಗೊಂಡಿದ್ರು. ಆರರ ಗಡುವು ಇಟ್ಟಿದ್ದು ಇದಕ್ಕೇ, ರಾತ್ರಿ ಮಂದಿ ಫೋನ್ ಹಿಡ್ಕೊಂಡು ಕುಂತಾಗ ಖಾಲಿ ಸ್ಲಾಟ್ ಕಾಣಬೇಕು.

ಕ್ಯಾನ್ಸಲ್ ರೂಲ್ ಪೇಜಿನ ಮ್ಯಾಲೇ ಬರದೀವಿ: ಹೇಳದೇ ಎರಡು ಸಲ ತಪ್ಪಿಸಿದೋರು ಮುಂದ 200 ರೂಪಾಯಿ ಯುಪಿಐ ಮಾಡಿದ ಮ್ಯಾಲೆ ಟೈಮ್, ಅದು ಬಿಲ್ಲಿನಾಗ ಕಳೀತದ. ಯಾರ್ ಎಷ್ಟ್ ಸಲ ತಪ್ಪಿಸ್ಯಾರ ಅನ್ನೋದಕ್ಕ ವಾಟ್ಸಾಪ್ ಲೇಬಲ್ ಹಚ್ಚತಾಳ. ಗೂಗಲ್ ತಾನಾಗಿ ತಡೆಯಂಗಿಲ್ಲ, ಹುಡುಗಿನೇ ತಡೀಬೇಕು.

ದಿನಕ್ಕ ಹತ್ತು ಪೇಷಂಟ್ ತನಕ ಇದು ಸಾಕು. ಇಬ್ಬರು ಡಾಕ್ಟರ್, ಇಲ್ಲಾ ನಾಕು ಕುರ್ಚಿ ಪಾರ್ಲರ್ ಇದ್ರ ರೊಕ್ಕದ್ದೇ ತಗೋರಿ, ಆದ್ರ ಡಿಎಲ್‌ಟಿ ಅವರೇ ಮಾಡಿಕೊಡ್ತಾರೋ ನೀವೇ ಮಾಡಬೇಕೋ ಕೇಳಿ, ನಿಮ್ಮ ಫೋನಿಗಿ ಒಂದು ಮೆಸೇಜ್ ಬಂದಮ್ಯಾಲೇ ವರ್ಷದ್ದು ಕಟ್ರಿ.