ಗೋದಾಮಿನ ಸ್ಲಾಟಿಂಗ್ ತಂತ್ರಾಂಶ: ಎರಡು ವರ್ಷ ಬಳಸಿದ ಮೇಲೆ

ನಮ್ಮದು ಹುಬ್ಬಳ್ಳಿಯಲ್ಲಿ ಮೆಡಿಕಲ್ ಅಂಗಡಿಗಳಿಗೆ ಔಷಧಿ ಪೂರೈಸುವ ಗೋದಾಮು. ಎಂಟು ಓಣಿ, ಓಣಿಯ ಎರಡೂ ಬದಿಗೆ ರ‍್ಯಾಕ್, ಬಾಗಿಲ ಬಳಿ ಪ್ಯಾಕಿಂಗ್ ಮೇಜು. ಯಾವ ಮಾಲನ್ನು ಹೆಚ್ಚು ಸಲ ಎತ್ತುತ್ತೇವೋ ಅದಕ್ಕೆ ಮೇಜಿನ ಹತ್ತಿರ ಜಾಗ ಕೊಡುವ ಈ ತಂತ್ರಾಂಶವನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ದರ, ಸ್ಕ್ಯಾನರ್ ಹೊಂದಾಣಿಕೆ ಇತ್ಯಾದಿ ಕಂಪನಿಯವರ ಪುಟದಲ್ಲೇ ಇವೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಸಂತೋಷ ಕೊಟ್ಟ ವಿಷಯ. ಈ ವ್ಯಾಪಾರದಲ್ಲಿ ಬಹಳಷ್ಟು ಕಡೆ ಔಷಧಿ ಕಂಪನಿಗೊಂದು ರ‍್ಯಾಕ್ ಎಂಬ ಪದ್ಧತಿ ಇದೆ, ನಮ್ಮಲ್ಲೂ ಹಾಗೆಯೇ ಇತ್ತು. ಅದನ್ನು ಬದಲಿಸಲು ಹೊರಟವರು ಸಾಮಾನ್ಯವಾಗಿ ಎಷ್ಟು ಮಾಲು ಹೋಯಿತು ಎಂದು ನೋಡುತ್ತಾರೆ. ಈ ತಂತ್ರಾಂಶ ಗಿರಾಕಿಗಳ ಎಷ್ಟು ಬೇಡಿಕೆ ಚೀಟಿಗಳಲ್ಲಿ ಅದು ಬಂತು ಎಂದು ನೋಡುತ್ತದೆ. ಸಲೈನ್ ಬಾಟಲಿ ಲೆಕ್ಕದಲ್ಲಿ ರಾಶಿ ರಾಶಿ ಹೋಗುತ್ತದೆ, ಆದರೆ ನರ್ಸಿಂಗ್ ಹೋಮಿನವರು ಒಂದೇ ಚೀಟಿಯಲ್ಲಿ ಪೆಟ್ಟಿಗೆಗಟ್ಟಲೆ ಒಯ್ಯುವುದರಿಂದ ಟ್ರಾಲಿ ಒಮ್ಮೆ ಹೋಗಿ ಬಂದರೆ ಕೆಲಸ ಮುಗಿಯಿತು. ರಕ್ತದೊತ್ತಡದ ಟೆಲ್ಮಿಸಾರ್ಟಾನ್ 40 ಹಾಗಲ್ಲ. ಅಂಗಡಿಯವರು ಕೇಳುವುದು ಎರಡೋ ಮೂರೋ ಸ್ಟ್ರಿಪ್, ಆದರೆ ಬಹುಪಾಲು ಚೀಟಿಗಳಲ್ಲಿ ಅದು ಇದ್ದೇ ಇರುತ್ತದೆ. ಕಾಲು ಸವೆಯುವುದು ಚೀಟಿಯ ಲೆಕ್ಕಕ್ಕೆ. ಹೀಗಾಗಿ ಸಲೈನ್ ಹಿಂದಿನ ಗೋಡೆಗೆ ಹೋಯಿತು, ಟೆಲ್ಮಿಸಾರ್ಟಾನ್ ಮೊದಲ ಓಣಿಯಲ್ಲಿ ಸೊಂಟಕ್ಕೂ ಭುಜಕ್ಕೂ ನಡುವಿನ ಹಲಗೆಗೆ ಬಂತು. ಬಗ್ಗುವುದೂ ಇಲ್ಲ, ಏಣಿಯೂ ಬೇಡ.

ಸೋಮವಾರ ಬೆಳಿಗ್ಗೆ, ಮೊದಲ ಚೀಟಿ ಬರುವ ಮುನ್ನ, ಸ್ಥಳಾಂತರದ ಪಟ್ಟಿ ಮುದ್ರಿಸಿಕೊಳ್ಳುತ್ತೇನೆ. ಒಬ್ಬ ಹಳೆಯ ಬಿನ್ ಖಾಲಿ ಮಾಡುತ್ತಾನೆ, ಇನ್ನೊಬ್ಬ ಬ್ಯಾಚ್ ಮತ್ತು ಅವಧಿ ನೋಡಿ, ಬೇಗ ಮುಗಿಯುವುದನ್ನು ಮುಂದಕ್ಕಿಟ್ಟು ಹೊಸ ಬಿನ್‌ಗೆ ಜೋಡಿಸುತ್ತಾನೆ. ಆಮೇಲೆ ಎರಡೂ ಸ್ಟಿಕ್ಕರ್ ಸ್ಕ್ಯಾನ್ ಆಗಬೇಕು. ಈ ಅರ್ಧ ಗಂಟೆ ನನಗೆ ಇಡೀ ವಾರದ ಇಷ್ಟದ ಕೆಲಸ.

ಬೇಸರ ತಂದದ್ದು ಉಳಿತಾಯದ ವರದಿ. ಒಂದು ಮಾಲು ಎಂಟನೇ ಓಣಿಯಿಂದ ಒಂದನೆಯದಕ್ಕೆ ಬಂತು ಎನ್ನಿ. ಹೋಗಿಬರುವ ದೂರದಲ್ಲಿ 60 ಮೀಟರ್ ಕಡಿಮೆ, ದಿನಕ್ಕೆ 50 ಚೀಟಿ, ಆದ್ದರಿಂದ 3 ಕಿಲೋಮೀಟರ್ ಉಳಿಯಿತು ಎಂದು ಪರದೆ ಹೇಳುತ್ತದೆ. ಆ ಒಂದೇ ಮಾಲಿಗಾಗಿ ಯಾರಾದರೂ ಪ್ರತಿ ಸಲ ಹೋಗಿ ಬರುತ್ತಿದ್ದರೆ ಈ ಲೆಕ್ಕ ಸರಿ. ನಮ್ಮ ಚೀಟಿಯಲ್ಲಿ ಹದಿನೈದು, ಇಪ್ಪತ್ತು ಸಾಲು ಇರುತ್ತವೆ, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಎತ್ತುತ್ತಾರೆ. ಟೆಲ್ಮಿಸಾರ್ಟಾನ್ ಮುಂದೆ ಬಂದರೂ ಅದೇ ಚೀಟಿಯ ಗ್ಲಿಮೆಪಿರೈಡ್ ಎಂಟನೇ ಓಣಿಯಲ್ಲೇ ಉಳಿದಿದ್ದರೆ ಹುಡುಗ ಅಲ್ಲಿಗೆ ಹೋಗಲೇಬೇಕು. ಉಳಿದದ್ದು ಸೊನ್ನೆ. ವರದಿಯಲ್ಲಿ ಕಿಲೋಮೀಟರ್ ಏರುತ್ತಲೇ ಇದ್ದರೂ ಸಂಜೆಯ ಚೀಟಿಗಳು ಮುಗಿಯುವ ಹೊತ್ತು ಮಾತ್ರ ಕದಲದಿದ್ದುದಕ್ಕೆ ಕಾರಣ ಇದೇ.

ಈಗ ನಾನು ಆ ಅಂಕಿಯನ್ನು ನೋಡುವುದಿಲ್ಲ. ಮೊದಲ ಮೂರು ಓಣಿ ದಾಟದೆ ಮುಗಿದ ಚೀಟಿಗಳು ನೂರಕ್ಕೆ ಎಷ್ಟು ಎಂದು ಎಕ್ಸೆಲ್‌ನಲ್ಲಿ ತೆಗೆಯುತ್ತೇನೆ. ಓಡಾಟ ನಿಜವಾಗಿ ತಗ್ಗುವುದು ಇಡೀ ಓಣಿ ತಪ್ಪಿದಾಗ. ಅದಕ್ಕೆ ಜೊತೆಯಾಗಿ ಬೇಡಿಕೆ ಬರುವ ಮಾಲುಗಳು ಜೊತೆಯಾಗಿಯೇ ಮುಂದೆ ಬರಬೇಕು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಆಮ್ಲೋಡಿಪೈನ್, ಟೆಲ್ಮಿಸಾರ್ಟಾನ್ ಒಂದೇ ಗುಂಪು. ಇದರಲ್ಲಿ ಒಂದರ ಬೇಡಿಕೆ ಸ್ವಲ್ಪ ಕಡಿಮೆ ಎಂದು ತಂತ್ರಾಂಶ ಅದನ್ನು ಹಿಂದಕ್ಕೆ ಕಳುಹಿಸುವಂತೆ ಸೂಚಿಸಿದರೆ ನಾನು ಒಪ್ಪುವುದಿಲ್ಲ. ಗುಂಪು ನೋಡುವ ಸೌಲಭ್ಯ ಇದರಲ್ಲಿ ಇಲ್ಲ, ಮಾಲಿನ ಜಾಗ ಬದಲಾಗದಂತೆ ತಂತ್ರಾಂಶದಲ್ಲಿ ಕೈಯಿಂದಲೇ ಬೀಗ ಹಾಕಬೇಕು.

ಬೀಗ ಇನ್ನೊಂದಕ್ಕೂ ಬೇಕು, ಇದನ್ನು ಔಷಧಿಯವರು ದಯವಿಟ್ಟು ಗಮನಿಸಿ. ಒಂದೇ ಬ್ರ್ಯಾಂಡಿನ 20 ಮತ್ತು 40 ಮಿಲಿಗ್ರಾಂ ಎರಡೂ ವೇಗವಾಗಿ ಹೋಗುವ ಮಾಲಾದರೆ ಅಕ್ಕಪಕ್ಕದ ಬಿನ್‌ಗಳಲ್ಲಿ ಕೂರುತ್ತವೆ. ಡಬ್ಬಿಗಳು ಹೆಚ್ಚುಕಡಿಮೆ ಒಂದೇ ಬಣ್ಣ. ನಾಲ್ಕು ಹೆಜ್ಜೆ ಉಳಿಸಲು ರೋಗಿಗೆ ತಪ್ಪು ಪ್ರಮಾಣದ ಗುಳಿಗೆ ಹೋಗುವ ದಾರಿ ತೆರೆಯಬಾರದು. ಅವೆರಡರ ನಡುವೆ ಬೇರೆ ಆಕಾರದ ಪೊಟ್ಟಣವಿರುವ ಮಾಲನ್ನು ಇಡುತ್ತೇವೆ.

ವೇಗದ ಮಾಲೆಲ್ಲ ಒಂದೇ ಓಣಿಯಲ್ಲಿದ್ದರೆ ಸಂಜೆ ಟ್ರಾಲಿಗೆ ಟ್ರಾಲಿ ಅಡ್ಡ ನಿಲ್ಲುತ್ತದೆ. ನಾವು ಅವನ್ನು ಮೊದಲ ಮೂರು ಓಣಿಗಳ ಬಾಯಿಗೆ ಹಂಚಿದ್ದೇವೆ. ತಂತ್ರಾಂಶ ಚೀಟಿ ಎಣಿಸುವ ಅವಧಿಯನ್ನೂ ಒಂದು ವರ್ಷದಿಂದ ಎಂಟು ವಾರಕ್ಕೆ ಇಳಿಸಿ. ಇಲ್ಲದಿದ್ದರೆ ಮಳೆಗಾಲದ ಕೆಮ್ಮಿನ ಸಿರಪ್ ಮುಂದೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಮೂರನೇ ವರ್ಷಕ್ಕೆ ಮೂಲ ಯೋಜನೆಯನ್ನಷ್ಟೇ ನವೀಕರಿಸಿದ್ದೇನೆ. ದುಬಾರಿ ಯೋಜನೆ ಮಾರುವವರು ತೋರಿಸುವುದು ಅದೇ ಕಿಲೋಮೀಟರ್ ಲೆಕ್ಕವನ್ನು. ನಿಮ್ಮ ಚೀಟಿಯಲ್ಲಿ ಒಂದೆರಡೇ ಸಾಲು ಇರುವುದಾದರೆ ಆ ಲೆಕ್ಕ ನಿಮಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ, ಕೊಳ್ಳಬಹುದು. ಉದ್ದದ ಚೀಟಿಯವರು ಮೊದಲು ತಮ್ಮ ಒಂದು ವಾರದ ಚೀಟಿಗಳನ್ನು ತೆಗೆದು, ಕೊನೆಯ ಓಣಿಗೆ ಹೋಗದೆ ಮುಗಿದವು ಎಷ್ಟು ಎಂದು ಎಣಿಸಿ ನೋಡಲಿ.